ಕವರ್ ಲೆಟರ್ ಮೇಲ್‌ನಾಗ ಬರೀಬೇಕೋ, ಪಿಡಿಎಫ್ ಮಾಡಿ ಹಚ್ಚಬೇಕೋ? (ಬೆಳಗಾವಿ, ಕ್ವಾಲಿಟಿ ಪೋಸ್ಟ್)

ಬಾಗಲಕೋಟಿ_ಡಿಪ್ಲೊಮಾ

ನಮಸ್ಕಾರ್ರಿ ಎಲ್ಲಾರಿಗೂ. ಉದ್ಯಮಬಾಗದಾಗ ಕಾಸ್ಟಿಂಗ್ ಮಷಿನಿಂಗ್ ಮಾಡೋ ಒಂದು ಕಂಪನಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕಂತ ಜಾಹೀರಾತು ಕೊಟ್ಟೈತಿ. ಅದರ ಕೊನೀ ಸಾಲು ಹಿಂಗೈತಿ:

```
Send CV with covering letter. Mention post code QA-07 in subject.
```

ಕವರಿಂಗ್ ಲೆಟರ್ ಅಂದ್ರ ಮೇಲ್ ಒಳಗ ಬರಿಯೋದೋ, ಬ್ಯಾರೆ ಫೈಲ್ ಮಾಡಿ ಹಚ್ಚೋದೋ ಹೇಳಿಲ್ಲ. ಗೆಳ್ಯಾರು ಒಬ್ಬೊಬ್ರು ಒಂದೊಂದು ಹೇಳಾಕತ್ತಾರ. ಎರಡೂ ಕಡೆ ಒಂದ ಪತ್ರ ಹಾಕಿದ್ರ ನಡೀತದನು? ಸಬ್ಜೆಕ್ಟ್‌ನಾಗ ಬರೇ `QA-07` ಅಂತ ಬರದ್ರ ಸಾಕೋ? ನಾನು ಮೆಕ್ಯಾನಿಕಲ್ ಡಿಪ್ಲೊಮಾ, ಎರಡು ವರ್ಷ ಅನುಭವ. ಶನಿವಾರ ಕಡೀ ದಿನ.

ಕ್ಯಾಂಪ್_ರೋಡ್

ಇದರಾಗ ಡೌಟ್ ಏನೈತ್ರಿ? ಅಟ್ಯಾಚ್ ಮಾಡೋದ ಸರಿ. ಲೆಟರ್ ಅಂದ್ರ ತಾರೀಖು, ವಿಳಾಸ, ವಿಷಯ, ಸಹಿ ಎಲ್ಲಾ ಇರಬೇಕು. ಮೇಲ್‌ನಾಗ ಬರದ್ರ ಮೆಸೇಜ್ ಕಳಿಸಿದಂಗ ಕಾಣ್ತೈತಿ. ಮೇಲ್ ಒಳಗ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಅಂತ ಒಂದು ಸಾಲು ಬರೀರಿ, ಎರಡೂ ಪಿಡಿಎಫ್ ಹಚ್ಚಿ ಕಳಸ್ರಿ. ಪಿಡಿಎಫ್ ಆದ್ರ ಯಾವ ಕಂಪ್ಯೂಟರ್‌ನಾಗ ತಗದ್ರೂ ಅಲೈನ್‌ಮೆಂಟ್ ಕೆಡಂಗಿಲ್ಲ.

ಇಂಡಿ_ತಾಲೂಕು

ಅರ್ಜಿ ಸಂಗಟ ಡಿಡಿ ಬೇಕನ್ರಿ? ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಕ್ಕ ಗೆಜೆಟೆಡ್ ಅಧಿಕಾರಿ ಸಹಿ ಮಾಡಿಸಿ ರಿಜಿಸ್ಟರ್ ಪೋಸ್ಟ್ ಹಾಕೋದು ಬೆಸ್ಟ್. ರಸೀದಿ ಜ್ವಾಪಾನ ಇಟ್ಕೊಳ್ರಿ.

ಬಾಗಲಕೋಟಿ_ಡಿಪ್ಲೊಮಾ

ಅಣ್ಣಾ, ಸರ್ಕಾರಿ ನೌಕರಿ ಅಲ್ರಿ ಇದು. ಖಾಸಗಿ ಕಂಪನಿ, ಬರೇ ಮೇಲ್ ಮಾಡ್ಬೇಕು.

ಉದ್ಯಮಬಾಗ_ಪರ್ಸನಲ್

ಜಾಹೀರಾತಿನಲ್ಲಿ ಸ್ಪಷ್ಟವಾಗಿ ಹೇಳದಿದ್ದರೆ ಪತ್ರ ಮೇಲ್ ಒಳಗೇ ಇರಲಿ, ರೆಸ್ಯೂಮ್ ಒಂದೇ ಪಿಡಿಎಫ್ ಆಗಿ ಹಚ್ಚಿರಿ. ‘ಅಟ್ಯಾಚ್ ಕವರಿಂಗ್ ಲೆಟರ್’ ಅಂತ ಹೇಳಿದ್ದರೆ ಮಾತ್ರ ಪತ್ರಕ್ಕೂ ಬೇರೆ ಪಿಡಿಎಫ್ ಮಾಡಿರಿ. ಈ ಜಾಹೀರಾತಿನಲ್ಲಿ ‘ವಿತ್’ ಅಂತಷ್ಟೇ ಇದೆ, ಆದ್ದರಿಂದ ಒಳಗೆ ಬರೆದರೂ ಅವರ ಮಾತು ಮೀರಿದಂತಾಗುವುದಿಲ್ಲ.

ಯಾಕೆ ಅಂದರೆ, ಮೇಲ್ ಮುಟ್ಟಿದ ಮೇಲೆ ಎಲ್ಲೆಲ್ಲಿ ಓಡಾಡುತ್ತದೆ ನೋಡಿರಿ. ಉದ್ಯಮಬಾಗದ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಅರ್ಜಿಗಳು ಒಂದೇ ಮೇಲ್ ಐಡಿಗೆ ಬೀಳುತ್ತವೆ. ಆ ಐಡಿಗೆ ಸಪ್ಲೈಯರ್ ಬಿಲ್, ಕೊಟೇಶನ್ ಸಹ ಬರುತ್ತಿರುತ್ತವೆ. ಪರ್ಸನಲ್‌ನವರು ಮೊದಲು ಪಟ್ಟಿ ನೋಡುತ್ತಾರೆ: ಕಳಿಸಿದವರ ಹೆಸರು, ಸಬ್ಜೆಕ್ಟ್, ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ಸಾಲಿನ ತುಣುಕು. ಆ ತುಣುಕಿನಲ್ಲಿ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಅಂತಿದ್ದರೆ ಇದ್ದೊಂದು ಜಾಗ ದಂಡವಾಯಿತು. ‘ಎರಡು ವರ್ಷ ಕಾಸ್ಟಿಂಗ್ ಇನ್‌ಸ್ಪೆಕ್ಷನ್ ಮಾಡಿದ್ದೇನೆ’ ಅಂತಿದ್ದರೆ ಮೇಲ್ ತೆರೆಯುವ ಮುಂಚೆಯೇ ವಿಷಯ ಮುಟ್ಟಿತು.

ಆಮೇಲೆ ಅದನ್ನ ಕ್ವಾಲಿಟಿ ಹೆಡ್‌ಗೆ ಫಾರ್ವರ್ಡ್ ಮಾಡುತ್ತಾರೆ. ಅವರು ಶಾಪ್ ಫ್ಲೋರ್‌ನಲ್ಲಿ ನಿಂತು ಫೋನಿನಲ್ಲಿ ನೋಡುತ್ತಾರೆ. ಒಳಗಿನ ಪತ್ರ ಬೆರಳಿಟ್ಟ ಕೂಡಲೇ ಕಾಣುತ್ತದೆ. ಎರಡು ಪಿಡಿಎಫ್ ಇದ್ದರೆ ಒಂದನ್ನೇ ತೆರೆಯುತ್ತಾರೆ, ಅದು ರೆಸ್ಯೂಮೇ ಆಗಿರುತ್ತದೆ. ಪತ್ರದ ಫೈಲ್ ಯಾರೂ ಮುಟ್ಟದೆ ಹಾಗೇ ಉಳಿಯುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ಫಾರ್ವರ್ಡ್ ಮಾಡಿದರೆ ಅಟ್ಯಾಚ್‌ಮೆಂಟ್ ಜೊತೆಗೆ ಹೋಗುತ್ತದೆ, ರಿಪ್ಲೈ ಮಾಡಿದರೆ ಬಿಟ್ಟುಹೋಗುತ್ತದೆ. ಕ್ವಾಲಿಟಿ ಹೆಡ್ ‘ಈ ಹುಡುಗನನ್ನ ಕರೆಯಿರಿ’ ಅಂತ ರಿಪ್ಲೈ ಆಲ್ ಒತ್ತಿದಾಗ ಕೆಳಗೆ ಉಳಿಯುವುದು ಮೇಲ್ ಒಳಗಿನ ಬರಹ ಮಾತ್ರ. ಅದರಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ಪೋಸ್ಟ್ ಕೋಡ್ ಇಲ್ಲದಿದ್ದರೆ ಅವರು ಮತ್ತೆ ಹಳೇ ಮೇಲ್ ಹುಡುಕಬೇಕು.

ಉಲ್ಟಾನೂ ಆಗುತ್ತದೆ. ಕೆಲವು ಆಫೀಸಿನಲ್ಲಿ ಅಟ್ಯಾಚ್‌ಮೆಂಟ್ ಎಲ್ಲಾ ಒಂದು ಫೋಲ್ಡರ್‌ಗೆ ಇಳಿಸಿ ಮೇಲ್ ಮುಚ್ಚಿಬಿಡುತ್ತಾರೆ. ಅಲ್ಲಿ ಒಳಗಿನ ಪತ್ರ ಕಳೆದುಹೋಗುತ್ತದೆ, ಫೈಲ್ ಹೆಸರು ಮಾತ್ರ ನಿಮ್ಮ ಪರವಾಗಿ ಮಾತಾಡಬೇಕು. ಆದ್ದರಿಂದ ಮುಖ್ಯವಾದದ್ದು ಪತ್ರದಲ್ಲಿ ಮಾತ್ರ ಇರಬಾರದು, ರೆಸ್ಯೂಮಿನ ಮೇಲ್ಭಾಗದಲ್ಲೂ ಇರಬೇಕು.

ಕ್ಯಾಂಪ್_ರೋಡ್

ಸರ, ಆದ್ರ ಮೇಲ್‌ನಾಗ ಬರದದ್ದು ಅವರ ಕಡೆ ಹೋದಾಗ ಫಾಂಟ್ ಎಲ್ಲಾ ಕೆಟ್ಟು ಹೋಗ್ತೈತೆಲ್ರಿ. ಒಂದು ಸಾಲು ದೊಡ್ಡದು, ಒಂದು ಸಾಲು ಸಣ್ಣದು. ನೋಡಿದವ್ರಿಗೆ ಏನನಿಸ್ತದ? ಅದಕ್ಕ ಪಿಡಿಎಫ್ ಅಂದೆ.

ಉದ್ಯಮಬಾಗ_ಪರ್ಸನಲ್

ಕೆಡುವುದು ಖರೆ. ಕಾರಣ ಮೇಲ್ ಅಲ್ಲ, ವರ್ಡ್‌ನಿಂದ ಸೀದಾ ಕಾಪಿ ಮಾಡಿ ಅಂಟಿಸುವುದು. ಅಕ್ಷರದ ಜೊತೆ ವರ್ಡ್‌ನ ಫಾಂಟ್, ಗಾತ್ರ, ಬಣ್ಣ, ಸಾಲಿನ ಅಂತರ ಎಲ್ಲಾ ಕಾಣದಂತೆ ಬರುತ್ತವೆ. ಆಮೇಲೆ ನೀವು ಮೇಲ್‌ನಲ್ಲೇ ಒಂದು ಸಾಲು ಸೇರಿಸಿದರೆ ಅದು ಬೇರೆ ಫಾಂಟಿನಲ್ಲಿ ಬೀಳುತ್ತದೆ. ಕಂಪನಿ ಹೆಸರು ಮಾತ್ರ ಬದಲಾಯಿಸಿದ್ದರೆ ಆ ಹೆಸರೊಂದೇ ಎದ್ದು ಕಾಣುತ್ತದೆ, ಹತ್ತು ಕಡೆ ಕಳಿಸಿದ ಪತ್ರ ಅಂತ ಗೊತ್ತಾಗಲು ಅಷ್ಟು ಸಾಕು. ಓದುವವರ ಫೋನ್ ಡಾರ್ಕ್ ಮೋಡ್‌ನಲ್ಲಿದ್ದರೆ ಅಂಟಿಸಿದ ಭಾಗದ ಹಿಂದೆ ಬಿಳಿ ಪಟ್ಟಿ ಕಾಣುವುದೂ ಉಂಟು.

ಕಂಪ್ಯೂಟರ್‌ನಲ್ಲಿ ಜಿಮೇಲ್ ಆದರೆ `Ctrl+Shift+V` ಒತ್ತಿ ಅಂಟಿಸಿರಿ, ಬರೀ ಅಕ್ಷರ ಬರುತ್ತದೆ. ಆಗಲೇ ಅಂಟಿಸಿದ್ದರೆ ಪೂರ್ತಿ ಆಯ್ಕೆ ಮಾಡಿ `Ctrl+\` ಒತ್ತಿರಿ. ಟೇಬಲ್, ಬಣ್ಣ, ಬುಲೆಟ್ ಗುರುತು ಏನೂ ಬೇಡ. ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಸಾಕು. ಮೊದಲು ನಿಮ್ಮ ಇನ್ನೊಂದು ಐಡಿಗೆ ಕಳಿಸಿ ಫೋನಿನಲ್ಲಿ ತೆರೆದು ನೋಡಿರಿ.

ಪ್ರಿಂಟ್ ತೆಗೆದು ಸಹಿ ಮಾಡಿ ಸ್ಕ್ಯಾನ್ ಮಾಡುವುದಂತೂ ಇಂಥ ಪೋಸ್ಟಿಗೆ ಬೇಡವೇ ಬೇಡ. ಪುಟ ಫೋಟೋ ಆಗಿಬಿಡುತ್ತದೆ, ಅದರೊಳಗಿನ ಫೋನ್ ನಂಬರ್ ಕಾಪಿ ಮಾಡಲು ಬರುವುದಿಲ್ಲ. ಪಿಡಿಎಫ್ ತೆರೆದು ಒಂದು ಪದದ ಮೇಲೆ ಮೌಸ್ ಎಳೆಯಿರಿ. ಅಕ್ಷರ ನೀಲಿ ಆದರೆ ಸರಿ. ಇಡೀ ಪುಟ ಒಂದೇ ಚಿತ್ರದಂತೆ ಹಿಡಿದರೆ ಅದು ಸ್ಕ್ಯಾನ್.

ಬಾಗಲಕೋಟಿ_ಡಿಪ್ಲೊಮಾ

ತಿಳೀತ್ರಿ ಸರ. ಈಗ ಬರದದ್ದು ಹಿಂಗೈತಿ (ಇಂಗ್ಲಿಷ್‌ನಾಗ ಐತಿ, ಕನ್ನಡದಾಗ ಹೇಳ್ತೀನಿ): ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆ ಖಾಲಿ ಇರುವುದು ತಿಳಿದು ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಶ್ರಮಜೀವಿ, ಬೇಗ ಕಲಿಯುವವನು, ತಂಡದಲ್ಲಿ ಹೊಂದಿಕೊಳ್ಳುವವನು…’ ಹಿಂಗ ಒಂದೂವರೆ ಪುಟ ಆಗೈತಿ. ಮೇಲ್‌ನಾಗ ಇದು ಉದ್ದ ಆಗ್ತದಲ್ರಿ?

ಉದ್ಯಮಬಾಗ_ಪರ್ಸನಲ್

ಉದ್ದ ಆಗುತ್ತದೆ, ಮತ್ತೆ ಮೊದಲ ಎರಡು ಸಾಲಿನಲ್ಲಿ ಏನೂ ಇಲ್ಲ. ಮೇಲ್ ಒಳಗಿನ ಪತ್ರಕ್ಕೆ ಇಂಗ್ಲಿಷಿನಲ್ಲಿ 150ರಿಂದ 200 ಪದ ಸಾಕು. ಫೋನಿನಲ್ಲಿ ಎರಡು ಸಲ ಬೆರಳು ಸರಿಸಿದರೆ ಮುಗಿಯಬೇಕು. ಕಾಗದದ ಪತ್ರದಂತೆ ಮೇಲೆ ವಿಳಾಸ, ತಾರೀಖು ಬೇಕಿಲ್ಲ, ಮೇಲ್‌ನಲ್ಲಿ ತಾರೀಖು ತಾನೇ ಇರುತ್ತದೆ. ‘ವಿಷಯ’ ಅಂತ ಒಳಗೆ ಮತ್ತೆ ಬರೆಯುವುದೂ ಬೇಡ, ಅದಕ್ಕೆ ಸಬ್ಜೆಕ್ಟ್ ಸಾಲು ಇದೆ.

ನಿಮ್ಮ ಕೆಲಸಕ್ಕೆ ಹೊಂದಿಸಿ ಹೇಳುತ್ತೇನೆ, ಅಂಕಿ ಅಂಶ ನಿಮ್ಮವನ್ನೇ ಹಾಕಿಕೊಳ್ಳಿರಿ.

‘ಮಾನ್ಯರೇ, QA-07 ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಮಷಿನ್ ಶಾಪ್‌ನಲ್ಲಿ ಪಂಪ್ ಬಾಡಿ ಕಾಸ್ಟಿಂಗ್‌ಗಳ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದೇನೆ.

ಈಗಿನ ಕೆಲಸದಲ್ಲಿ ಪ್ರತಿ ಸೆಟಪ್‌ಗೆ ಫಸ್ಟ್ ಪೀಸ್ ಚೆಕ್ ಮಾಡಿ ವರದಿ ಬರೆಯುತ್ತೇನೆ. ಬೋರ್ ಗೇಜ್, ಮೈಕ್ರೋಮೀಟರ್, ಹೈಟ್ ಗೇಜ್ ದಿನಾ ಬಳಸುತ್ತೇನೆ. ಬ್ಲೋಹೋಲ್, ಶ್ರಿಂಕೇಜ್ ಬಂದ ಪೀಸ್ ಬೇರೆ ತೆಗೆದು ಫೌಂಡ್ರಿಗೆ ತಿಳಿಸುವುದು ನನ್ನ ಜವಾಬ್ದಾರಿ. ಸಿಎಂಎಂ ಸ್ವತಃ ನಡೆಸಿಲ್ಲ, ಅದರ ವರದಿ ಓದಿ ಡ್ರಾಯಿಂಗ್‌ಗೆ ತಾಳೆ ನೋಡಬಲ್ಲೆ.

ಸದ್ಯ ಬಾಗಲಕೋಟೆಯಲ್ಲಿದ್ದೇನೆ, ಬೆಳಗಾವಿಗೆ ಬರಲು ಸಿದ್ಧ. ನೋಟಿಸ್ ಅವಧಿ ಒಂದು ತಿಂಗಳು. ರೆಸ್ಯೂಮ್ ಲಗತ್ತಿಸಿದ್ದೇನೆ.’

ಕೊನೆಯಲ್ಲಿ ಹೆಸರು, ಅದರ ಕೆಳಗೆ ಫೋನ್ ನಂಬರ್. ಇಷ್ಟೇ.

ಸಿಎಂಎಂ ಬರುವುದಿಲ್ಲ ಅಂತ ಯಾಕೆ ಬರೆಯಬೇಕು ಅಂತ ಕೇಳುತ್ತೀರಿ. ಜಾಹೀರಾತಿನಲ್ಲಿ ಅದನ್ನ ಕೇಳಿದ್ದರೆ ಮಾತ್ರ ಬರೆಯಿರಿ, ಎಲ್ಲಿವರೆಗೆ ಬರುತ್ತದೆ ಅಂತ ಸ್ಪಷ್ಟ ಹೇಳಿರಿ. ಕೇಳದಿದ್ದರೆ ಆ ಸಾಲು ತೆಗೆಯಿರಿ. ‘ಬೇಗ ಕಲಿಯುವವನು’ ಅನ್ನುವ ಸಾಲು ಎಲ್ಲಾ ಅರ್ಜಿಯಲ್ಲೂ ಇರುತ್ತದೆ, ಓದುವವರ ಕಣ್ಣು ಅದನ್ನ ದಾಟಿ ಹೋಗುತ್ತದೆ.

ಬಾಗಲಕೋಟಿ_ಡಿಪ್ಲೊಮಾ

ಇದನ್ನ ಮೇಲ್‌ನಾಗೂ ಹಾಕಿ, ಇದನ್ನ ಪಿಡಿಎಫ್ ಮಾಡಿ ಹಚ್ಚಿದ್ರ? ಎರಡೂ ಕಡೆ ಇರ್ತೈತಿ, ಸೇಫ್ ಅಲ್ರಿ?

ಉದ್ಯಮಬಾಗ_ಪರ್ಸನಲ್

ದೊಡ್ಡ ತಪ್ಪಲ್ಲ, ಆದರೆ ಎರಡು ಪ್ರತಿ ಅಂದಮೇಲೆ ಒಂದನ್ನ ತಿದ್ದಿ ಇನ್ನೊಂದನ್ನ ಮರೆಯುವುದು ಸಾಮಾನ್ಯ. ಒಳಗೆ ಈ ಕಂಪನಿ ಹೆಸರು, ಪಿಡಿಎಫ್‌ನಲ್ಲಿ ಹೋದ ವಾರ ಕಳಿಸಿದ ಕಂಪನಿ ಹೆಸರು. ಮೇಲ್ ಒಳಗಿನ ತಪ್ಪು ಕಳಿಸುವಾಗ ಕಣ್ಣ ಮುಂದೆ ಇರುತ್ತದೆ, ಫೈಲ್ ಒಳಗಿನದು ಮುಚ್ಚಿಕೊಂಡಿರುತ್ತದೆ.

ಅಟ್ಯಾಚ್ ಮಾಡಲೇಬೇಕು ಅಂತ ಅವರೇ ಕೇಳಿದ್ದರೆ ಪೂರ್ತಿ ಪತ್ರ ಪಿಡಿಎಫ್‌ನಲ್ಲಿರಲಿ, ಒಂದು ಪುಟ ಮೀರದಿರಲಿ. ಮೇಲ್ ಒಳಗೆ ನಾಲ್ಕು ಸಾಲು ಬರೆಯಿರಿ: ಯಾವ ಪೋಸ್ಟ್, ನೀವು ಯಾರು ಅಂತ ಒಂದೇ ಸಾಲಿನಲ್ಲಿ, ಯಾವ ಎರಡು ಫೈಲ್ ಹಚ್ಚಿದ್ದೀರಿ, ಫೋನ್ ನಂಬರ್. ಖಾಲಿ ಮಾತ್ರ ಬಿಡಬೇಡಿರಿ. ಗುರುತಿಲ್ಲದ ಐಡಿಯಿಂದ ಬರಹವೇ ಇಲ್ಲದೆ ಬರೀ ಫೈಲ್ ಬಂದರೆ ಸ್ಪ್ಯಾಮ್‌ಗೆ ಬೀಳುವ ಸಂಭವ ಹೆಚ್ಚು, ತೆರೆಯಲು ಜನರಿಗೂ ಅನುಮಾನ.

ಟಿಳಕವಾಡಿ_ಡಿಟಿಪಿ

ಫೈಲ್ ಹೆಸರಿನ ಬಗ್ಗೆ ಯಾರೂ ಹೇಳಾಕತ್ತಿಲ್ಲ, ಗಡಬಡ ಆಗೋದು ಅಲ್ಲೇ ನೋಡ್ರಿ.

ಅಂಗಡ್ಯಾಗ ರೆಸ್ಯೂಮ್ ಮಾಡಿಸ್ತಾರ, ವಾಟ್ಸಾಪ್‌ಗೆ ಹಾಕ್ರಿ ಅಂತಾರ, ಫೋನ್‌ನಾಗ ಇಳಿಸಿಕೊಂಡು ಅಲ್ಲಿಂದ ಹಂಗ ಮೇಲ್‌ಗೆ ಹಚ್ತಾರ. ಅಷ್ಟೊತ್ತಿಗೆ ಭಾಳ ಸಲ ಹೆಸರು ಹಿಂಗ ಆಗಿರ್ತೈತಿ:

```
DOC-20250314-WA0007.pdf
```

ನಾವು ಕೊಟ್ಟ ಹೆಸರು ಹೋಗಿ ವಾಟ್ಸಾಪ್ ತನ್ನ ಹೆಸರು ಇಟ್ಟಿರ್ತೈತಿ. ಸ್ಕ್ಯಾನ್ ಆಪ್‌ಗಳೂ ಅಷ್ಟ, ಆಪ್ ಹೆಸರು, ತಾರೀಖು, ಟೈಮ್ ಸೇರಿಸಿ ಫೈಲ್ ಮಾಡ್ತಾವ. ಆ ಕಡೆಯವ್ರು ಇಳಿಸಿಕೊಂಡ್ರ ಯಾರದು ಅಂತ ಗೊತ್ತಾಗಂಗಿಲ್ಲ. ಬರೇ `Resume.pdf` ಅಂತ ಇಟ್ರೂ ಅದ ಹಣೆಬರಹ, ಎರಡನೇದು ಬಂದಾಗ ಬ್ರೌಸರ್ `Resume (1).pdf` ಮಾಡ್ತೈತಿ, ಮೂರನೇದು `(2)`. ಫೋಲ್ಡರ್‌ನಾಗ ನಿಮ್ಮದು ಯಾವ ನಂಬರೋ ಯಾರಿಗೆ ಗೊತ್ತು.

ಹೆಸರು ಹಿಂಗ ಇಡ್ರಿ (ಹೆಸರು ಬರೇ ಉದಾಹರಣೆಗೆ):

```
Savita_Patil_QA-07_Resume.pdf
Savita_Patil_QA-07_CoverLetter.pdf
```

ನಿಮ್ಮ ಹೆಸರು ಮುಂದ ಯಾಕಂದ್ರ, ಫೋಲ್ಡರ್‌ನಾಗ ಅಕ್ಷರ ಪ್ರಕಾರ ಜೋಡಿಸಿದಾಗ ನಿಮ್ಮ ಎರಡೂ ಫೈಲ್ ಒಂದರ ಕೆಳಗ ಒಂದು ನಿಲ್ತಾವ. `Resume` ಮುಂದ ಹಾಕಿದ್ರ ಎಲ್ಲಾರ ರೆಸ್ಯೂಮ್ ಒಂದು ಕಡೆ, ಪತ್ರ ಎಲ್ಲೋ ಒಂದು ಕಡೆ. ಪೋಸ್ಟ್ ಕೋಡ್‌ನಾಗ ಓರೆಗೆರೆ ಇದ್ರ, ಅಂದ್ರ `QA/07` ಅಂತಿದ್ರ, ಫೈಲ್ ಹೆಸರಿನಾಗ ಅಡ್ಡಗೆರೆ ಮಾಡ್ರಿ, ಯಾಕಂದ್ರ ವಿಂಡೋಸ್ ಫೈಲ್ ಹೆಸರಿಗೆ `/` ತಗೊಳಂಗಿಲ್ಲ. ಸಬ್ಜೆಕ್ಟ್‌ನಾಗ ಮಾತ್ರ ಅವ್ರು ಕೊಟ್ಟಂಗ `QA/07` ಇರಲಿ.

`final`, `new`, `latest2` ಇವನ್ನ ಹೊರಗ ಕಳಿಸಬ್ಯಾಡ್ರಿ. ಇನ್ನ ವಿಂಡೋಸ್‌ನಾಗ ಫೈಲ್ ಹೆಸರಿನ ಕಡೀ ತುದಿ ಮುಚ್ಚಿರ್ತೈತಿ. ಗೊತ್ತಿಲ್ಲದ ನೀವು `.pdf` ಟೈಪ್ ಮಾಡಿದ್ರ ಅದು `.pdf.pdf` ಆಗ್ತೈತಿ. ವರ್ಡ್ ಫೈಲ್‌ನ ಹೆಸರು ಬದಲಾಯಿಸಿ `.pdf` ಅಂತ ಬರದ್ರಂತೂ ಅದು ಪಿಡಿಎಫ್ ಆಗಂಗಿಲ್ಲ, ಆ ಕಡೆ ಓಪನ್ನೇ ಆಗಂಗಿಲ್ಲ. ವರ್ಡ್‌ನಾಗ `Save As` ಒಳಗ ಹೋಗಿ ಪಿಡಿಎಫ್ ಆರಿಸಬೇಕು.

ಕ್ಯಾಂಪ್_ರೋಡ್

ಫೈಲ್ ಹೆಸರು ಇಷ್ಟು ಉದ್ದ ಆದ್ರ ಫೋನ್‌ನಾಗ ಪೂರ್ತಿ ಕಾಣಂಗಿಲ್ಲ. ಹೆಸರು ಒಂದ ಸಾಕಲ್ರಿ?

ಟಿಳಕವಾಡಿ_ಡಿಟಿಪಿ

ಕಾಣೋ ಭಾಗದಾಗ ಹೆಸರು ಬಂದ್ರ ಆತು, ಅದಕ್ಕ ಮುಂದ ಇಡೋದು. ಕೋಡ್ ಫೋಲ್ಡರ್‌ನಾಗ ಹುಡುಕಾಕ.

ಇನ್ನೊಂದು ಹೇಳ್ತೀನಿ. ಫೈಲ್ ಹೆಸರು ಬದಲಾಯಿಸಿದ್ರೂ ಫೈಲ್ ಒಳಗ ಇನ್ನೊಂದು ಹೆಸರು ಕೂತಿರ್ತೈತಿ. ಗೆಳ್ಯಾನ ರೆಸ್ಯೂಮ್ ತಗೊಂಡು ತಿದ್ದಿ ಮಾಡಿದ್ರ ವರ್ಡ್‌ನ ಪ್ರಾಪರ್ಟೀಸ್‌ನಾಗ ಟೈಟಲ್, ಆಥರ್ ಅಂತ ಅವನ ಹೆಸರ ಉಳೀತೈತಿ. ಪಿಡಿಎಫ್ ಮಾಡಿದಾಗ ಅದೂ ಸಂಗಟ ಹೋಗ್ತೈತಿ. ಆ ಪಿಡಿಎಫ್ ಕ್ರೋಮ್‌ನಾಗ ತಗದ್ರ ಮ್ಯಾಲ ಟ್ಯಾಬ್‌ನಾಗ ಕಾಣೋದು ಫೈಲ್ ಹೆಸರಲ್ಲ, ಆ ಟೈಟಲ್. ನಿಮ್ಮ ರೆಸ್ಯೂಮ್, ಮ್ಯಾಲ ಬ್ಯಾರೆಯವರ ಹೆಸರು. ಪಿಡಿಎಫ್ ಮಾಡೋ ಮೊದಲು ವರ್ಡ್‌ನಾಗ `File`, `Info` ಒಳಗ ಹೋಗಿ ಟೈಟಲ್, ಆಥರ್ ನೋಡ್ರಿ. ಮಾಡಿದ ಮ್ಯಾಲ ಒಮ್ಮೆ ಕ್ರೋಮ್‌ನಾಗ ಎಳದು ಹಾಕಿ ಟ್ಯಾಬ್ ಓದ್ರಿ.

ಗೋಳಗುಮ್ಮಟ_ಉಪನ್ಯಾಸಕಿ

ನನ್ನದೊಂದು ಬೇರೆ ಪ್ರಶ್ನೆ, ಆದರೆ ಇದಕ್ಕೇ ಹತ್ತಿರದ್ದು. ವಿಜಯಪುರದಲ್ಲಿ ಕನ್ನಡ ಮಾಧ್ಯಮದ ಶಾಲೆ, ಪಿಯು ಕಾಲೇಜುಗಳಿಗೆ ಅರ್ಜಿ ಕನ್ನಡದಲ್ಲೇ ಹಾಕಬೇಕಾಗ್ತದ. ಪತ್ರ ನುಡಿಯಲ್ಲಿ ಟೈಪ್ ಮಾಡಿ ಇಟ್ಟೀನಿ. ಅದನ್ನ ಮೇಲ್ ಒಳಗೆ ಅಂಟಿಸಿದರೆ ಎಲ್ಲಾ ವಿಚಿತ್ರ ಗುರುತು ಬರ್ತಾವ. ಹಿಂಗಾದಾಗ ಅಟ್ಯಾಚ್ ಮಾಡೋದೊಂದೇ ದಾರಿ ಅಲ್ಲವೇ?

ಟಿಳಕವಾಡಿ_ಡಿಟಿಪಿ

ಮೇಡಂ, ನೀವು ಟೈಪ್ ಮಾಡಿದ್ದು ನುಡಿಯ ಹಳೇ ಆಸ್ಕಿ ಫಾಂಟ್‌ನಾಗ. ಅದರಾಗ ಒಳಗಿಂದೊಳಗ ಕನ್ನಡ ಇರಂಗಿಲ್ಲ, ಇಂಗ್ಲಿಷ್ ಗುರುತುಗಳಿಗೆ ಕನ್ನಡ ಅಕ್ಷರದ ಚಿತ್ರ ಹೊದಿಸಿರ್ತಾರ. ಫಾಂಟ್ ತಗದ್ರ ‘ಕನ್ನಡ’ ಅನ್ನೋ ಪದ ಹಿಂಗ ಕಾಣ್ತೈತಿ:

```
PÀ£ÀßqÀ
```

ಮೇಲ್‌ನಾಗ ಆ ಫಾಂಟ್ ಇರಂಗಿಲ್ಲ, ಅದಕ್ಕ ಹಂಗ ಬರ್ತೈತಿ. ನುಡಿ ಸಾಫ್ಟ್‌ವೇರ್ ಸಂಗಟ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಸಾಧನ ಐತಿ, ಅದರಾಗ ಹಾಕಿ ಆಮ್ಯಾಲ ಅಂಟಿಸ್ರಿ. ಬದಲಾಯಿಸಿದ ಮ್ಯಾಲ ಒತ್ತಕ್ಷರ, ಅರ್ಕಾವತ್ತು, ಅಂಕಿ ಇವನ್ನ ಕಣ್ಣಿಟ್ಟು ನೋಡ್ರಿ, ತಪ್ಪೋದು ಅಲ್ಲೇ. ಫೋನ್‌ನಾಗ ಕನ್ನಡ ಕೀಬೋರ್ಡ್‌ಲೆ ಟೈಪ್ ಮಾಡಿದ್ರ ಅದು ಮೊದಲ ಯೂನಿಕೋಡ್, ಈ ತ್ರಾಸ ಇಲ್ಲ.

ಅಟ್ಯಾಚ್ ಮಾಡೋದಾದ್ರ ವರ್ಡ್ ಫೈಲ್ ಕಳಿಸಬ್ಯಾಡ್ರಿ, ಆ ಕಂಪ್ಯೂಟರ್‌ನಾಗ ನುಡಿ ಇಲ್ಲಂದ್ರ ಅದ ಕಥಿ. ಪಿಡಿಎಫ್ ಒಳಗ ಫಾಂಟ್ ಸೇರಿಕೊಂಡು ಹೋಗ್ತೈತಿ, ಕಣ್ಣಿಗೆ ಸರಿ ಕಾಣ್ತೈತಿ. ಆದ್ರ ಆಸ್ಕಿ ಪಿಡಿಎಫ್‌ನಿಂದ ಕಾಪಿ ಮಾಡಿದ್ರ ಹೊಳ್ಳಿ ಅದ `PÀ£Àß` ಬರ್ತೈತಿ, ಹುಡುಕಿದ್ರೂ ಸಿಗಂಗಿಲ್ಲ. ಫೈಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಾಗ ಇಡ್ರಿ. ಕನ್ನಡ ಹೆಸರಿಟ್ರ ಕೆಲವು ಹಳೇ ಸಿಸ್ಟಮ್‌ನಾಗ ಗೆರೆ, ಪ್ರಶ್ನೆ ಚಿಹ್ನೆ ಆಗಿ ಇಳೀತಾವ.

ಗೋಳಗುಮ್ಮಟ_ಉಪನ್ಯಾಸಕಿ

ಧನ್ಯವಾದ, ಇದು ನನಗೆ ಗೊತ್ತಿರಲಿಲ್ಲ. ಆದರೆ ಒಂದು ಮಾತು ಉದ್ಯಮಬಾಗದವರಿಗೆ. ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿ ಮೇಲ್ ನೋಡುವವರು ಗುಮಾಸ್ತರು, ತೀರ್ಮಾನ ಮಾಡುವವರು ಆಡಳಿತ ಮಂಡಳಿ. ಗುಮಾಸ್ತರು ಅಟ್ಯಾಚ್‌ಮೆಂಟ್ ಪ್ರಿಂಟ್ ತೆಗೆದು ಫೈಲಿಗೆ ಹಾಕ್ತಾರ. ಮೇಲ್ ಒಳಗಿನದು ಪ್ರಿಂಟ್ ಆಗೋದಿಲ್ಲ, ತೆಗೆದರೂ ಅದರ ಮೇಲೆ ಐಡಿ, ಹೆಡರ್ ಎಲ್ಲಾ ಬಂದು ನೋಡಲು ಚಂದ ಇರೋದಿಲ್ಲ. ಇಂಥ ಕಡೆ ಪತ್ರ ಮೊದಲ ಪುಟ, ಅದರ ಹಿಂದೆ ರೆಸ್ಯೂಮ್, ಎಲ್ಲಾ ಒಂದೇ ಪಿಡಿಎಫ್ ಮಾಡಿ ಕಳಿಸೋದು ಸರಿ ಅನ್ನಿಸ್ತದ. ಒಂದು ಫೈಲ್, ಒಂದು ಪ್ರಿಂಟ್, ಯಾವುದೂ ತಪ್ಪಿ ಹೋಗೋದಿಲ್ಲ.

ಉದ್ಯಮಬಾಗ_ಪರ್ಸನಲ್

ಪ್ರಿಂಟ್ ತೆಗೆಯುವ ಕಡೆ ಪತ್ರ ಪಿಡಿಎಫ್‌ನಲ್ಲಿರಬೇಕು, ಒಪ್ಪಿದೆ. ಕೂಡಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಕಂಪನಿಗಳಲ್ಲಿ ಪ್ರಿವ್ಯೂನಲ್ಲಿ ಮೊದಲ ಪುಟ ಮಾತ್ರ ನೋಡುತ್ತಾರೆ. ಅಲ್ಲಿ ಪತ್ರ ಕೂತರೆ ರೆಸ್ಯೂಮ್ ಎರಡನೇ ಪುಟಕ್ಕೆ ಹೋಯಿತು. ರೆಸ್ಯೂಮ್ ಓದಿ ಹೆಸರು, ಓದು, ಅನುಭವ ತಾನೇ ತುಂಬಿಕೊಳ್ಳುವ ಸಾಫ್ಟ್‌ವೇರ್ ಇರುವ ಕಡೆ, ಪತ್ರದಲ್ಲಿ ಬರೆದ ಕಂಪನಿ ಹೆಸರನ್ನೇ ನಿಮ್ಮ ಹಳೇ ಕಂಪನಿ ಅಂತ ಹಿಡಿಯುವುದೂ ಉಂಟು.

ಗೋಳಗುಮ್ಮಟ_ಉಪನ್ಯಾಸಕಿ

ನಮ್ಮ ಕಡೆ ಸಾಫ್ಟ್‌ವೇರ್ ಎಲ್ಲಿಂದ ಬರಬೇಕ್ರಿ. ಎರಡು ಫೈಲ್ ಕಳಿಸಿದರೆ ಗುಮಾಸ್ತರು ಎರಡನ್ನೂ ಪ್ರಿಂಟ್ ತೆಗೀತಾರ ಅಂತ ಯಾರು ಗ್ಯಾರಂಟಿ ಕೊಡ್ತಾರ?

ಉದ್ಯಮಬಾಗ_ಪರ್ಸನಲ್

ಗ್ಯಾರಂಟಿ ಇಲ್ಲ. ರೆಸ್ಯೂಮ್ ಮೊದಲು, ಪತ್ರ ಕೊನೆಗೆ ಇಟ್ಟು ಕೂಡಿಸಿದರೆ ಎರಡೂ ಕಡೆ ನಡೆಯಬಹುದು.

ಗೋಳಗುಮ್ಮಟ_ಉಪನ್ಯಾಸಕಿ

ಪತ್ರ ಕೊನೆಗೆ ಇಟ್ಟರೆ ಅದು ಪತ್ರ ಹೇಗಾಗ್ತದ? ನಾನು ಮುಂದೇ ಇಡ್ತೀನಿ.

ಬಾಗಲಕೋಟಿ_ಡಿಪ್ಲೊಮಾ

ಮೇಡಂ, ಸರ, ಇಬ್ಬರೂ ಜಗಳ ಬಿಟ್ಟು ನನ್ನ ಸಬ್ಜೆಕ್ಟ್ ನೋಡ್ರಿ. ಇದು ಸರಿ ಆಗ್ತೈತನು?

```
Application for the post of Quality Inspector in your esteemed company
```

ಉದ್ಯಮಬಾಗ_ಪರ್ಸನಲ್

ಇದರಲ್ಲಿ ಕೋಡೇ ಇಲ್ಲ! ಜಾಹೀರಾತಿನಲ್ಲಿ ಅವರು ಸ್ಪಷ್ಟವಾಗಿ ಕೇಳಿದ್ದು ಅದೊಂದೇ. ಎಷ್ಟೋ ಕಡೆ ಸಬ್ಜೆಕ್ಟ್‌ನಲ್ಲಿ ಆ ಕೋಡ್ ಇರುವ ಮೇಲ್‌ಗಳು ತಾವಾಗಿಯೇ ಒಂದು ಫೋಲ್ಡರ್‌ಗೆ ಹೋಗುವಂತೆ ನಿಯಮ ಹಾಕಿರುತ್ತಾರೆ. ಕೋಡ್ ಇಲ್ಲದಿದ್ದರೆ, ಅಥವಾ `QA 07`, `QA07` ಅಂತ ನಿಮ್ಮ ಮನಸ್ಸಿಗೆ ಬಂದಂತೆ ಬರೆದರೆ ಆ ನಿಯಮಕ್ಕೆ ಸಿಗುವುದಿಲ್ಲ. ಅಡ್ಡಗೆರೆ ಸಮೇತ ಜಾಹೀರಾತಿನಿಂದ ಕಾಪಿ ಮಾಡಿರಿ.

ಎರಡನೆಯದು ಉದ್ದ. ಫೋನಿನ ಪಟ್ಟಿಯಲ್ಲಿ ಸಬ್ಜೆಕ್ಟಿನ ಮೊದಲ 35ರಿಂದ 40 ಅಕ್ಷರ ಕಾಣುತ್ತದೆ ಅಂತ ಲೆಕ್ಕ ಹಿಡಿಯಿರಿ, ಫೋನಿಂದ ಫೋನಿಗೆ ಸ್ವಲ್ಪ ಬದಲಾಗುತ್ತದೆ. ನಿಮ್ಮದರಲ್ಲಿ ಅಷ್ಟರೊಳಗೆ ಕಾಣುವುದು ‘ಅಪ್ಲಿಕೇಶನ್ ಫಾರ್ ದ ಪೋಸ್ಟ್ ಆಫ್ ಕ್ವಾಲಿಟಿ’ವರೆಗೆ ಮಾತ್ರ. ಹೀಗೆ ಮಾಡಿರಿ:

```
QA-07 Quality Inspector - Savita Patil - Diploma Mech, 2 yrs
```

ಪೂರ್ತಿ 60 ಅಕ್ಷರ. ಮೊದಲ 38ರೊಳಗೆ ಕೋಡ್, ಪೋಸ್ಟ್, ಹೆಸರು ಮುಗಿಯುತ್ತದೆ, ಉಳಿದದ್ದು ಕತ್ತರಿಸಿ ಹೋದರೂ ಚಿಂತೆಯಿಲ್ಲ. ಎಲ್ಲಾ ದೊಡ್ಡಕ್ಷರ ಬೇಡ, ‘ಅರ್ಜೆಂಟ್’ ಬೇಡ. ಕೆಲವರು ಮುಂದೆ `Re:` ಅಂತ ತಾವೇ ಟೈಪ್ ಮಾಡುತ್ತಾರೆ, ಹಳೇ ಮಾತುಕತೆಯ ಉತ್ತರ ಅನ್ನಿಸಲಿ ಅಂತ. ತೆರೆದ ಕೂಡಲೇ ಗೊತ್ತಾಗುತ್ತದೆ, ಕೆಟ್ಟ ಹೆಸರು.

ಕ್ಯಾಂಪ್_ರೋಡ್

ಸರಿ, ಒಳಗ ಬರಿಯೋದಕ್ಕ ನಂದೂ ಒಪ್ಪಿಗೆ. ಆದ್ರ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡು, ಆಧಾರ್ ಎಲ್ಲಾ ಒಂದು ಜಿಪ್ ಮಾಡಿ ಹಚ್ಚಿಬಿಟ್ರ ಮುಂದ ಕೇಳೋದ ಬ್ಯಾಡ ಅಲ್ರಿ?

ಟಿಳಕವಾಡಿ_ಡಿಟಿಪಿ

ಬ್ಯಾಡ್ರಿ. ಜಿಪ್ ಕಂಡ್ರ ಕೆಲವು ಕಂಪನಿ ಸರ್ವರ್ ತಡದು ಇಡ್ತಾವ, ಫೋನ್‌ನಾಗ ತಗಿಯೋದೂ ಕಿರಿಕಿರಿ. ಆಧಾರ್ ಈಗ ಯಾಕ ಬೇಕು, ಕೇಳಿದಾಗ ಕೊಡ್ರಿ.

ಸ್ಕ್ಯಾನ್ ಹಾಳಿ ಸೇರಿಸಿದ್ರ ಸೈಜೂ ಏರ್ತೈತಿ. ಜಿಮೇಲ್ 25 ಎಂಬಿ ತನಕ ಕಳಿಸ್ತೈತಿ ಅಂತ ಧೈರ್ಯ ಮಾಡಬ್ಯಾಡ್ರಿ, ಆ ಕಡೆ ಸರ್ವರ್ 10 ಎಂಬಿಗೇ ನಿಲ್ಲಿಸಿರಬಹುದು. ಮತ್ತ ಮೇಲ್‌ನಾಗ ಹೋಗೋವಾಗ ಫೈಲ್ ಮೂರನೇ ಒಂದು ಪಾಲು ಉಬ್ಬತೈತಿ, 8 ಎಂಬಿ ಫೈಲ್ ಅಂದ್ರ ಹತ್ತರ ಮ್ಯಾಲ ಆತು. 25 ದಾಟಿದ್ರ ಜಿಮೇಲ್ ತಾನ ಡ್ರೈವ್ ಲಿಂಕ್ ಮಾಡ್ತೈತಿ, ಅವರಿಗೆ ಪರ್ಮಿಷನ್ ಕೊಟ್ಟಿಲ್ಲಂದ್ರ ‘ರಿಕ್ವೆಸ್ಟ್ ಆಕ್ಸೆಸ್’ ಅಂತ ಬರ್ತೈತಿ. ಅದನ್ನ ಒತ್ತಿ ನಿಮಗ ಕಾಯೋರು ಯಾರೂ ಇಲ್ಲ. ವರ್ಡ್‌ನಿಂದ ಸೀದಾ ಮಾಡಿದ ಎರಡು ಪುಟದ ರೆಸ್ಯೂಮ್ 1 ಎಂಬಿ ದಾಟಬಾರದು. ದಾಟಿದ್ರ ಫೋಟೋ ನೋಡ್ರಿ, ಫೋನ್‌ನ ಫುಲ್ ಸೈಜ್ ಫೋಟೋ ಸಣ್ಣ ಚೌಕದಾಗ ತುರುಕಿರ್ತಾರ.

ಬಾಗಲಕೋಟಿ_ಡಿಪ್ಲೊಮಾ

ಕಳಿಸಿಬಿಟ್ಟೆ ಸರ, ಸಬ್ಜೆಕ್ಟು, ಪತ್ರ ಎಲ್ಲಾ ನೀವು ಹೇಳಿದಂಗ. ಆದ್ರ ರೆಸ್ಯೂಮ್ ಹಚ್ಚೋದ ಮರ್ತೇನಿ! ಈಗ ಹೊಸ ಮೇಲ್ ಮಾಡ್ಲೋ?

ಉದ್ಯಮಬಾಗ_ಪರ್ಸನಲ್

ಹೊಸದು ಬೇಡ. ಸೆಂಟ್‌ನಲ್ಲಿ ಆ ಮೇಲ್ ತೆರೆದು ಅದಕ್ಕೇ ರಿಪ್ಲೈ ಒತ್ತಿರಿ, ‘ಟು’ನಲ್ಲಿ ಕಂಪನಿಯ ಐಡಿ ಇದೆಯೋ ನೋಡಿಕೊಳ್ಳಿರಿ. ಸಬ್ಜೆಕ್ಟ್ ಮುಟ್ಟಬೇಡಿರಿ, ಬದಲಾಯಿಸಿದರೆ ಜಿಮೇಲ್‌ನಲ್ಲಿ ಬೇರೆ ಮಾತುಕತೆ ಆಗಿ ಪತ್ರ ಒಂದು ಕಡೆ, ರೆಸ್ಯೂಮ್ ಒಂದು ಕಡೆ ಆಗುತ್ತದೆ. ‘ಹಿಂದಿನ ಮೇಲ್‌ನಲ್ಲಿ ಬಿಟ್ಟುಹೋದ ರೆಸ್ಯೂಮ್ ಇಲ್ಲಿದೆ’ ಅಂತ ಒಂದು ಸಾಲು, ಕೆಳಗೆ ಹೆಸರು, ಫೋನ್. ಉದ್ದ ಕ್ಷಮೆ ಬೇಡ. ಇಲ್ಲಿ ಮುಂದೆ ಬರುವ `Re:` ಮೇಲ್ ತಾನೇ ಹಾಕಿದ್ದು, ಇರಲಿ.

ಮುಂದಿನ ಸಲ ಮೊದಲು ಫೈಲ್ ಹಚ್ಚಿರಿ, ಆಮೇಲೆ ಪತ್ರ, ‘ಟು’ ವಿಳಾಸ ಎಲ್ಲದರ ಕೊನೆಗೆ. ವಿಳಾಸ ಖಾಲಿ ಇರುವವರೆಗೆ ಕೈತಪ್ಪಿ ಒತ್ತಿದರೂ ಹೋಗುವುದಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ 5 ಸೆಕೆಂಡ್ ಇರುತ್ತದೆ, 30ಕ್ಕೆ ಏರಿಸಿರಿ.

ಇಂಡಿ_ತಾಲೂಕು

ಹಂಗಾದ್ರ ಪೋಸ್ಟ್‌ನಾಗ ಒಂದು ಕಾಪಿ ಹಾಕಬೇಕೋ ಬ್ಯಾಡೋ?

ಬಾಗಲಕೋಟಿ_ಡಿಪ್ಲೊಮಾ

ಬ್ಯಾಡ್ರಿ ಅಣ್ಣಾ. ರಿಪ್ಲೈ ಮಾಡಿ ಕಳಿಸೀನಿ, ಈ ಸಲ ಪಿಡಿಎಫ್ ತಗದು ನೋಡೇ ಹಚ್ಚೀನಿ. ಟ್ಯಾಬ್‌ನಾಗ ಗೆಳ್ಯಾನ ಹೆಸರ ಇತ್ತ್ರಿ, ಡಿಟಿಪಿ ಅಣ್ಣಾರು ಹೇಳಿದಂಗ. ಮೊದಲ ತಗದು ಆಮ್ಯಾಲ ಕಳಿಸಿದೆ.